ಸ್ಪಷ್ಟನೆ: ಮನೆಗೆ ನುಗ್ಗಿದ ನೀರು ಮತ್ತು ಇಲಿಜ್ವರ

“ಇಲಿ ಕಚ್ಚಿದರೆ ಮಾತ್ರ ಇಲಿಜ್ವರ, ಮನೆಗೆ ಬಂದ ನೀರು ಇಳಿದರೆ ಭಯವಿಲ್ಲ” (ಮುಂಬಯಿ ಕನ್ನಡಿಗರ ಬಳಗಗಳಲ್ಲಿ ಹರಿದಾಡುತ್ತಿರುವ ಸಂದೇಶ).

ಇದು ತಪ್ಪು. ಇಲಿಜ್ವರ ತರುವ ಲೆಪ್ಟೊಸ್ಪೈರಾ ಬ್ಯಾಕ್ಟೀರಿಯಾ ಸೋಂಕು ತಗಲಿದ ಇಲಿಯ ಮೂತ್ರದಲ್ಲಿರುತ್ತದೆ. ಮಳೆನೀರು ಬಿಲ, ಗಟಾರಗಳನ್ನು ತುಂಬಿ ಅದನ್ನು ಮನೆಯೊಳಗೆ ತಂದಾಗ, ಕಾಲಿನ ಗೀರು, ಒಡೆದ ಹಿಮ್ಮಡಿ, ಕಣ್ಣು ಅಥವಾ ಬಾಯಿಯ ಮೂಲಕ ದೇಹ ಸೇರುತ್ತದೆ. ಸಂದೇಶದ ಎರಡನೆಯ ಮಾತು ಇನ್ನೂ ಅಪಾಯಕಾರಿ, ಏಕೆಂದರೆ ಒದ್ದೆ ಕೆಸರಿನಲ್ಲಿ ಈ ಬ್ಯಾಕ್ಟೀರಿಯಾ ವಾರಗಟ್ಟಲೆ ಬದುಕಬಲ್ಲದು. ಕುರ್ಲಾದ ಚಾಳಿನಲ್ಲಿ ನೀರಲ್ಲಿ ನಡೆದು ಬಂದ ಮಗನಿಗಷ್ಟೇ ಅಲ್ಲ, ಮರುದಿನ ಬರಿಗಾಲಲ್ಲಿ ಕೆಸರು ಬಳಿಯುವ ತಾಯಿಗೂ ಸೋಂಕು ತಗಲಬಹುದು. ಇಬ್ಬರೂ 72 ಗಂಟೆಯೊಳಗೆ ವೈದ್ಯರನ್ನು ಕಾಣಬೇಕು. ರೋಗ ಬಾರದಂತೆ ಗಾಯವಿಲ್ಲದ ವಯಸ್ಕರಿಗೆ ಸಾಮಾನ್ಯವಾಗಿ 200 ಮಿ.ಗ್ರಾಂ. ಡಾಕ್ಸಿಸೈಕ್ಲಿನ್ ಒಂದೇ ಬಾರಿ, ಗಾಯವಿದ್ದರೆ ದಿನಕ್ಕೊಮ್ಮೆ 3 ದಿನ ಕೊಡುತ್ತಾರೆ, ಗರ್ಭಿಣಿಯರಿಗೂ ಚಿಕ್ಕ ಮಕ್ಕಳಿಗೂ ಔಷಧಿ ಬೇರೆ. ಎರಡು ವಾರ ಕಳೆದ ಮೇಲೆ ಜ್ವರ, ಮೀನಖಂಡದ ನೋವು ಬಂದರೂ ನೀರಿಗಿಳಿದದ್ದನ್ನು ವೈದ್ಯರಿಗೆ ಹೇಳಿ.