ಮೆಷಿನ್ ಗನ್ ಕಾಲಾಳುಪಡೆಯನ್ನು ಕೊಂದದ್ದು ಎದುರಿನಿಂದಲ್ಲ

“ಎದುರಿಗೆ ನಿಂತ ಮೆಷಿನ್ ಗನ್ ನಿಮಿಷಕ್ಕೆ 500 ಗುಂಡು ಹಾರಿಸುತ್ತಿತ್ತು, ಅದಕ್ಕೇ ಸೋಮ್‌ನಲ್ಲಿ ಸೈನಿಕರು ಸಾಲುಸಾಲಾಗಿ ಸತ್ತರು.”

ಮೊದಲ ಮಹಾಯುದ್ಧದಲ್ಲಿ ಫ್ರಾನ್ಸಿನ ಸೋಮ್ ನದಿಯ ಬಳಿ ನಡೆದ ಕದನದ ಬಗ್ಗೆ ಹೀಗೆ ಹೇಳುವುದುಂಟು. ವೇಗದ ಅಂಕಿ ಹೆಚ್ಚುಕಡಿಮೆ ಸರಿ. ಗನ್ ಇಟ್ಟ ಜಾಗ ತಪ್ಪು. ಒಂದೇ ಗುರಿಗೆ ಹಾರಿಸಿದರೂ ಗುಂಡುಗಳು ಒಂದೇ ಕಡೆ ಬೀಳುವುದಿಲ್ಲ. ಸಮತಟ್ಟಾದ ನೆಲದಲ್ಲಿ ಅವು ಬೀಳುವ ಪಟ್ಟಿ ಉದ್ದವಾಗಿ, ಕಿರಿದಾಗಿ ಇರುತ್ತದೆ. ಅಡ್ಡಸಾಲಿನಲ್ಲಿ ಬರುವವರಿಗೆ ಎದುರಿನಿಂದ ಹೊಡೆದರೆ ಆ ಪಟ್ಟಿಯೊಳಗೆ ಕೆಲವರಷ್ಟೇ ಸಿಗುತ್ತಾರೆ, ಉಳಿದವರಿಗಾಗಿ ಗನ್ ಹೊರಳಿಸುತ್ತಲೇ ಇರಬೇಕು. ಪಕ್ಕದಿಂದ ಹೊಡೆದರೆ ಪಟ್ಟಿಯೂ ಸಾಲೂ ಒಂದರ ಮೇಲೊಂದು ಬರುತ್ತವೆ. ಆಗ ಗುರಿ ತಪ್ಪಿದ ಗುಂಡೂ ಮುಂದಿನವನಿಗೆ ತಗಲುತ್ತದೆ.

1916ರ ಜುಲೈ 1ರಂದು ಸೋಮ್ ರಣಭೂಮಿಯ ಮ್ಯಾಶ್ ಕಣಿವೆಯಲ್ಲಿ ಆದದ್ದು ಇದೇ. ಬ್ರಿಟಿಷರು ಸುಮಾರು 700 ಮೀಟರ್ ಬಯಲು ದಾಟಬೇಕಿತ್ತು. ಜರ್ಮನ್ ಗನ್‌ಗಳು ಎರಡೂ ಬದಿಯ ಒವಿಲೆ, ಲಾ ಬ್ವಾಸೆಲ್ ಹಳ್ಳಿಗಳಿಂದಲೂ ಗುಂಡು ಹಾರಿಸುತ್ತಿದ್ದವು. ಮುಳ್ಳುತಂತಿಯ ಕೆಲಸವೂ ಇಲ್ಲೇ: ಅದು ತಡೆಗೋಡೆಗಿಂತ ಹೆಚ್ಚಾಗಿ, ಜನರನ್ನು ಆ ಪಟ್ಟಿಯೊಳಗೆ ನಿಲ್ಲಿಸುವ ಬೇಲಿ.

ಇನ್ನು, ಮೆಷಿನ್ ಗನ್ ರಕ್ಷಣೆಗೆ ಮಾತ್ರ ಎಂಬುದೂ ಅರ್ಧಸತ್ಯ. 1917ರ ಹೊತ್ತಿಗೆ ಬ್ರಿಟಿಷ್ ಪ್ಲಟೂನಿನ ನಾಲ್ಕು ತುಕಡಿಗಳಲ್ಲಿ ಒಂದಕ್ಕೆ ಹೊತ್ತೊಯ್ಯಬಲ್ಲ ಲೂಯಿಸ್ ಮೆಷಿನ್ ಗನ್ ಇತ್ತು. ಅದು ಶತ್ರುವಿನ ತಲೆ ಎತ್ತಗೊಡದಿದ್ದಾಗ ಉಳಿದವರು ಬದಿಯಿಂದ ಸುತ್ತಿ ಬರುತ್ತಿದ್ದರು.