ಮೊದಲ ದಿನ "ಒಬ್ಬೊಬ್ಬರಾಗಿ ಎದ್ದು ಪರಿಚಯ ಹೇಳಿ" ಅನ್ನಬೇಡಿ

ಹೊಸ ತರಗತಿ, ಮೊದಲ ದಿನ, ಬೆಲ್ ಹೊಡೆದು ಎರಡು ನಿಮಿಷ. ಟೀಚರ್ ಬಾಯಿಂದ ಹೊರಡುವ ಮೊದಲ ಮಾತು ಬಹುಪಾಲು ಇದೇ: "ಒಬ್ಬೊಬ್ಬರಾಗಿ ಎದ್ದು ನಿಂತು ನಿಮ್ಮ ಪರಿಚಯ ಹೇಳಿ." ನಾನೂ ವರ್ಷಗಟ್ಟಲೆ ಹೀಗೇ ಹೇಳಿದವಳು. ಯಾರಿಗೂ ನೋವಾಗದ ಮಾತು ಅಂತಲೇ ಅಂದುಕೊಂಡಿದ್ದೆ. ಈಗ ಕೇಳಿದರೆ, ಮೊದಲ ದಿನ ಆಡಬಹುದಾದ ಮಾತುಗಳಲ್ಲಿ ಇಷ್ಟು ಕೆಟ್ಟದ್ದು ಇನ್ನೊಂದಿಲ್ಲ ಅಂತೀನಿ. ಯಾಕೆ ಅಂತ ಸ್ವಲ್ಪ ಬಿಡಿಸಿ ಹೇಳ್ತೀನಿ.

ಒಂದು ವರ್ಷ ನನ್ನ ತರಗತಿಯಲ್ಲಿ 34 ಮಕ್ಕಳು. ಎಲ್ಲರಿಗೂ ಒಂಬತ್ತೋ ಹತ್ತೋ ವರ್ಷ. ಎಂದಿನಂತೆ ಮುಂದಿನ ಬೆಂಚಿನಿಂದ ಪರಿಚಯ ಶುರುವಾಯಿತು. ಒಂದು ಮಗು ಎದ್ದು, ಹೆಸರು ಹೇಳಿ, ಇಷ್ಟದ ಆಟ ಹೇಳಿ, ನಾಚಿಕೊಂಡು ಕೂರುವಷ್ಟರಲ್ಲಿ ನಲವತ್ತು ಸೆಕೆಂಡು ಅಂತಿಟ್ಟುಕೊಳ್ಳಿ. 34 ಮಕ್ಕಳಿಗೆ ಇಪ್ಪತ್ತೆರಡು ನಿಮಿಷ ದಾಟುತ್ತದೆ. ಹಿಂದಿನ ಸಾಲಿನಲ್ಲಿ ಒಬ್ಬ ಹುಡುಗಿ ಇದ್ದಳು. ಅವಳ ತುಟಿ ಅಲ್ಲಾಡುತ್ತಿದ್ದದ್ದನ್ನು ನಾನು ನೋಡಿದ್ದೆ. ಪಕ್ಕದವಳ ಜೊತೆ ಪಿಸುಗುಡುತ್ತಿದ್ದಾಳೆ ಅಂದುಕೊಂಡೆ. ಅವಳು ತನ್ನ ಹೆಸರನ್ನೇ ಮನಸ್ಸಿನಲ್ಲಿ ಅಭ್ಯಾಸ ಮಾಡುತ್ತಿದ್ದಳು ಅಂತ ಹೊಳೆದದ್ದು ಬಹಳ ಆಮೇಲೆ.

ಸರದಿ ಬಂತು. ಎದ್ದಳು. ದನಿಯೇ ಹೊರಡಲಿಲ್ಲ. "ಜೋರಾಗಿ ಹೇಳಮ್ಮ, ಯಾರಿಗೂ ಕೇಳ್ತಿಲ್ಲ" ಅಂದೆ. ಎರಡನೇ ಬೆಂಚಿನ ಹುಡುಗನೊಬ್ಬ ತಟ್ಟನೆ "ಬ್ಯಾಟರಿ ಡೌನ್ ಮಿಸ್!" ಅಂದ. ತರಗತಿ ಗೊಳ್ಳೆಂದು ನಕ್ಕಿತು. ಹೇಳಲು ನಾಚಿಕೆಯಾಗುತ್ತದೆ, ನಾನೂ ನಕ್ಕೆ. ಆ ವರ್ಷ ಪೂರ್ತಿ ಅವಳ ಹೆಸರು ಬ್ಯಾಟರಿ ಆಗಿಹೋಯಿತು.

ನಾನು ಆಗ ಹುಡುಗನಿಗೆ ಬೈದೆ, ಅವಳಿಗೆ ಸಮಾಧಾನ ಹೇಳಿದೆ. ತಪ್ಪು ಇಬ್ಬರದ್ದೂ ಆಗಿರಲಿಲ್ಲ. ಹುಡುಗನ ಪರಿಚಯ ಐದನೆಯದ್ದು. ಅದು ಮುಗಿದ ಮೇಲೆ ಮೈತುಂಬಾ ಚೈತನ್ಯ ಇಟ್ಟುಕೊಂಡು ಹದಿನೈದು ನಿಮಿಷಕ್ಕೂ ಹೆಚ್ಚು ಹೊತ್ತು ಸುಮ್ಮನೆ ಕೂತಿರಬೇಕಿತ್ತು. ಮಾಡಲು ಅವನಿಗೆ ಒಂದೇ ಒಂದು ಕೆಲಸ ಉಳಿದಿತ್ತು, ಮಿಕ್ಕವರನ್ನು ನೋಡಿ ಕಾಮೆಂಟ್ ಹೊಡೆಯುವುದು. ಅವಳಿಗೋ ಅಷ್ಟೂ ಹೊತ್ತು ಎದೆ ಡವಡವ. ನನ್ನ ಒಂದು ವಾಕ್ಯ ಒಬ್ಬಳನ್ನು ಕಾಯಿಸಿ ಕಾಯಿಸಿ ಹಣ್ಣು ಮಾಡಿತು, ಇನ್ನೊಬ್ಬನನ್ನು ಖಾಲಿ ಕೂರಿಸಿ ಕೆಡಿಸಿತು.

ಪರಸ್ಪರ ಪರಿಚಯವಾದರೂ ಆಯಿತಲ್ಲ ಅಂತೀರಾ? ಅದೂ ಆಗುವುದಿಲ್ಲ. ಮಾಲ್ಕಮ್ ಬ್ರೆನ್ನರ್ ಎಂಬ ಸಂಶೋಧಕ 1973ರಲ್ಲಿ ಒಂದು ಪ್ರಯೋಗ ಪ್ರಕಟಿಸಿದ. ಜನರನ್ನು ಸುತ್ತ ಕೂರಿಸಿ ಒಬ್ಬೊಬ್ಬರಿಂದ ಒಂದೊಂದು ಪದ ಓದಿಸಿ, ಆಮೇಲೆ ಯಾರಿಗೆ ಏನು ನೆನಪಿದೆ ಅಂತ ಕೇಳಿದ. ತಮ್ಮ ಸರದಿ ಬರುವುದಕ್ಕೆ ಸ್ವಲ್ಪ ಮುಂಚೆ ಬೇರೆಯವರು ಓದಿದ್ದು ಜನರ ತಲೆಗೆ ಸರಿಯಾಗಿ ಹೋಗಿರಲಿಲ್ಲ. ಗಮನವೆಲ್ಲ ತಾನು ಏನು ಓದಬೇಕು ಅನ್ನುವುದರ ಮೇಲೆ. ಅವರು ದೊಡ್ಡವರು, ಓದಬೇಕಾಗಿದ್ದದ್ದು ಬರೀ ಒಂದು ಪದ. ಹೆದರಿದ ಮಗುವಿನ ಪಾಡು ನೀವೇ ಊಹಿಸಿ. ನಿಮ್ಮ ಆಫೀಸಿನ ಟ್ರೇನಿಂಗ್‌ಗಳಲ್ಲಿ ಪರಿಚಯದ ಸುತ್ತು ಮುಗಿದ ಮೇಲೆ ನಿಮಗಿಂತ ಮೊದಲು ಮಾತಾಡಿದವರ ಹೆಸರು ನೆನಪಿದೆಯಾ ಅಂತ ಒಮ್ಮೆ ಯೋಚಿಸಿ ನೋಡಿ!

ಈಗ ನಾನು ಮಾಡುವುದು ಹೀಗೆ. ಮೊದಲ ಮಾತು ತರಗತಿಯ ಒಳಗಲ್ಲ, ಬಾಗಿಲಲ್ಲಿ. ಒಳಗೆ ಬರುವ ಪ್ರತಿ ಮಗುವಿಗೂ ಮೆಲ್ಲಗೆ, ಅದಕ್ಕಷ್ಟೇ ಕೇಳುವಂತೆ "ನಿನ್ನನ್ನ ಏನಂತ ಕರೀಲಿ?" ಅಂತ ಕೇಳ್ತೀನಿ. ಕೆಲವರು ಹೇಳ್ತಾರೆ, ಕೆಲವರು ಪುಸ್ತಕದ ಲೇಬಲ್ ತೋರಿಸ್ತಾರೆ. ಎರಡೂ ನಡೆಯುತ್ತೆ. ಹೆಸರನ್ನು ಒಮ್ಮೆ ನಾನು ಹೇಳಿ, ಸರಿಯಾಯ್ತಾ ಅಂತ ಮುಖ ನೋಡ್ತೀನಿ. ಹಾಜರಿ ಕೂಗುವಾಗ ಹೆಸರನ್ನು ತಪ್ಪಾಗಿ ಉಚ್ಚರಿಸಿ, ಎಲ್ಲರೆದುರು ಮಗು ತಿದ್ದಬೇಕಾಗಿ ಬರುವ ಪ್ರಸಂಗ ಇದರಿಂದ ತಪ್ಪುತ್ತದೆ. ನಾಚಿಕೆಯ ಮಕ್ಕಳು ತಿದ್ದುವುದಿಲ್ಲ, ತಪ್ಪು ಹೆಸರನ್ನೇ ವರ್ಷವಿಡೀ ಹೊತ್ತುಕೊಂಡು ಓಡಾಡುತ್ತಾರೆ.

ಎಲ್ಲರೂ ಕೂತ ಮೇಲೆ ನಾನು ಆಡುವ ಮಾತು, ಅಕ್ಷರಶಃ: "ಇವತ್ತು ನಾನು ಯಾರನ್ನೂ ಎಬ್ಬಿಸಿ ಮಾತಾಡಿಸಲ್ಲ. ಮಾತಾಡ್ಲೇಬೇಕು ಅನ್ನೋರಿಗೆ ಇನ್ನು ಐದು ನಿಮಿಷಕ್ಕೆ ಅವಕಾಶ ಇದೆ, ಗಡಿಯಾರ ನೋಡ್ಕೊಳ್ಳಿ. ಈಗ ಎಲ್ಲರ ಮುಂದೆ ಒಂದು ಚೀಟಿ ಇದೆ, ಪೆನ್ಸಿಲ್ ತಗೊಳ್ಳಿ."

ಬರೀ ಮೂರು ಸಾಲು. ಆದರೆ ಒಂದೊಂದು ಸಾಲು ಒಂದೊಂದು ಕಡೆಗೆ ಹೋಗುತ್ತದೆ. ಮೊದಲನೆಯದ್ದು ಬಾಯಿ ಒಣಗಿಸಿಕೊಂಡು ಕೂತವರಿಗೆ. ಅದನ್ನು ಹೇಳಿದ ಕೂಡಲೇ ನಾಲ್ಕೈದು ಮಕ್ಕಳ ಭುಜ ಇಳಿಯುವುದು ಕಣ್ಣಿಗೆ ಕಾಣುತ್ತೆ. ಎರಡನೆಯದ್ದು ನಾಲಿಗೆ ತುದಿಯಲ್ಲಿ ಮಾತಿಟ್ಟುಕೊಂಡು ಬಂದವರಿಗೆ. ಅವರಿಗೆ "ಸುಮ್ನಿರು" ಅಂದರೆ ಅದು ಎಲ್ಲಿಯವರೆಗೆ ಅಂತ ಗೊತ್ತಾಗುವುದಿಲ್ಲ, ಆದ್ದರಿಂದ ಸುಮ್ಮನಿರುವುದೂ ಇಲ್ಲ. "ಐದು ನಿಮಿಷ" ಅಂದರೆ ಅದೊಂದು ಲೆಕ್ಕ, ಕಾಯಬಹುದು. ಕೊಟ್ಟ ಮಾತಿನಂತೆ ಐದು ನಿಮಿಷಕ್ಕೆ ಸರಿಯಾಗಿ ಬಿಟ್ಟುಕೊಡಬೇಕು, ಇಲ್ಲದಿದ್ದರೆ ಮುಂದಿನ ಸಲ ನಿಮ್ಮ ಐದು ನಿಮಿಷಕ್ಕೆ ಬೆಲೆ ಇರುವುದಿಲ್ಲ. ಮೂರನೆಯದ್ದು ಎಲ್ಲರ ಕೈಗೂ ಕೆಲಸ.

ದನಿಯ ಬಗ್ಗೆ ಒಂದು ಮಾತು. ಗದ್ದಲದ ಮೇಲೆ ಗದ್ದಲ ಹಾಕಿ "ಸೈಲೆನ್ಸ್!" ಅಂತ ಕಿರುಚಿದರೆ ಗಲಾಟೆ ಮಾಡುವವರು ಅದನ್ನೊಂದು ಪಂದ್ಯ ಅಂತ ತಗೊಳ್ತಾರೆ, ಮೆತ್ತಗಿನ ಮಕ್ಕಳು ಬೈದದ್ದು ತಮಗೇ ಅಂದುಕೊಳ್ಳುತ್ತಾರೆ. ಒಂದೇ ಕಡೆ ನಿಂತು, ಮಾಮೂಲಿಗಿಂತ ಒಂದು ಮೆಟ್ಟಿಲು ಕೆಳಗಿನ ದನಿಯಲ್ಲಿ ಶುರು ಮಾಡಿ.

ಚೀಟಿಯಲ್ಲಿ ಎರಡೇ ಪ್ರಶ್ನೆ: ನಿನಗೆ ಚೆನ್ನಾಗಿ ಬರುವುದು ಏನು? ಈ ತರಗತಿಯಲ್ಲಿ ನಿನಗೆ ಏನಿದ್ದರೆ ಚೆನ್ನ? ಎರಡನೆಯದ್ದನ್ನು ನಾನೊಬ್ಬಳೇ ಓದುತ್ತೇನೆ ಅಂತ ಮೊದಲೇ ಹೇಳಿರ್ತೀನಿ. ಬರೆಯಲು ಕಷ್ಟವಾದವರು ಚಿತ್ರ ಬಿಡಿಸಬಹುದು. ಆಮೇಲೆ ಪಕ್ಕದವರ ಜೊತೆ ಒಂದೊಂದು ನಿಮಿಷ ಮಾತು, ಮೊದಲ ಪ್ರಶ್ನೆಯ ಬಗ್ಗೆ ಮಾತ್ರ. ಮೂವತ್ತನಾಲ್ಕು ಜನರೆದುರು ಬಾಯಿ ಬಿಡದ ಮಗು ಒಬ್ಬರೆದುರು ಸಾಮಾನ್ಯವಾಗಿ ಬಿಡುತ್ತದೆ. ಅದಲ್ಲದೆ ಕೋಣೆ ತುಂಬಾ ಹದಿನೇಳು ಜೋಡಿ ಗುಜುಗುಜು ಅನ್ನುತ್ತಿರುವಾಗ ಅದರ ದನಿ ಎಷ್ಟು ಸಣ್ಣದಿದ್ದರೂ ಯಾರಿಗೂ ಗೊತ್ತಾಗುವುದಿಲ್ಲ. ಕೊನೆಗೆ "ಪಕ್ಕದವರ ಬಗ್ಗೆ ಯಾರು ಹೇಳ್ತೀರಿ? ಅವರನ್ನ ಕೇಳಿ ಆಮೇಲೆ ಹೇಳಿ" ಅಂತೀನಿ. ಮಾತಿನ ಮಲ್ಲರ ಕೈ ಮೇಲೆದ್ದೇ ಇರುತ್ತೆ. ಈಗ ಅವರು ತಮ್ಮ ಬಗ್ಗೆ ಅಲ್ಲ, ಇನ್ನೊಬ್ಬರ ಬಗ್ಗೆ ಹೇಳಬೇಕು. ಅಂದರೆ ಅದಕ್ಕೆ ಮೊದಲು ಅವರ ಮಾತನ್ನು ಕೇಳಿಸಿಕೊಂಡಿರಬೇಕು. ನಾಚಿಕೆಯ ಮಗುವಿನ ಹೆಸರು ಮೊದಲ ದಿನವೇ ಇಡೀ ತರಗತಿಗೆ ಕೇಳಿಸುತ್ತದೆ, ಅದು ಎದ್ದು ನಿಲ್ಲದೆಯೇ.

ಇಲ್ಲಿ ಪ್ರಶ್ನೆ ಕೇಳಿದ ಮೇಲೆ ಟೀಚರ್ ಬಾಯಿ ಮುಚ್ಚಿಕೊಂಡಿರುವುದೂ ಒಂದು ವಿದ್ಯೆ. ಮೇರಿ ಬಡ್ ರೋ ಎಂಬ ಸಂಶೋಧಕಿ 1960-70ರ ದಶಕಗಳಲ್ಲಿ ಪ್ರಾಥಮಿಕ ಶಾಲೆಯ ವಿಜ್ಞಾನದ ಪಾಠಗಳನ್ನು ಧ್ವನಿಮುದ್ರಿಸಿ ಅಳೆದು ನೋಡಿದರು. ಪ್ರಶ್ನೆ ಕೇಳಿದ ಮೇಲೆ ಶಿಕ್ಷಕರು ಕಾಯುತ್ತಿದ್ದದ್ದು ಸರಾಸರಿ ಒಂದು ಸೆಕೆಂಡು. ಅದನ್ನು ಮೂರಕ್ಕೆ ಏರಿಸಿದಾಗ ಉತ್ತರಗಳು ಉದ್ದವಾದವು, ಅದುವರೆಗೆ ಸುಮ್ಮನಿದ್ದ ಮಕ್ಕಳೂ ಉತ್ತರಿಸತೊಡಗಿದರು. ಮೂರು ಸೆಕೆಂಡು ಅಷ್ಟೇನಾ ಅನ್ನಿಸಬಹುದು. ತರಗತಿಯ ಮುಂದೆ ನಿಂತು ಮೂರು ಸೆಕೆಂಡು ಸುಮ್ಮನಿದ್ದು ನೋಡಿ, ಯುಗ ಕಳೆದಂತಾಗುತ್ತದೆ. ನಾನು ಬೆನ್ನ ಹಿಂದೆ ಬೆರಳು ಮಡಚುತ್ತಾ ಎಣಿಸುತ್ತೇನೆ.

ಇಷ್ಟಾದರೂ ಯಾರಾದರೂ ಕೂಗಿಯೇ ಕೂಗುತ್ತಾರೆ. ಕಳೆದ ಸಲ ನನ್ನ ಮೊದಲ ವಾಕ್ಯ ಮುಗಿಯುವ ಮುಂಚೆಯೇ ಒಬ್ಬ "ಮಿಸ್, ನಾನು ಮಾತಾಡ್ತೀನಿ!" ಅಂದ. ಕೂಗಿ ಅವನು ನನ್ನನ್ನು ನೋಡಲಿಲ್ಲ, ಗೆಳೆಯರ ಮುಖ ನೋಡಿದ. ಉತ್ಸಾಹಕ್ಕೆ ಕೂಗಿದವನು ಟೀಚರನ್ನು ನೋಡುತ್ತಾನೆ, ಪರೀಕ್ಷೆ ಮಾಡಲು ಕೂಗಿದವನು ಗೆಳೆಯರನ್ನು ನೋಡುತ್ತಾನೆ. ಇದು ನನ್ನ ಅನುಭವದ ಲೆಕ್ಕ, ಎಲ್ಲೂ ಓದಿದ್ದಲ್ಲ. ನಾನು ಅವನ ಹೆಸರೆತ್ತಲಿಲ್ಲ. "ಐದು ನಿಮಿಷಕ್ಕೆ ಒಬ್ಬರು ರೆಡಿ ಇದ್ದಾರೆ, ಒಳ್ಳೇದು" ಅಂದು ಮುಂದುವರಿಸಿದೆ, ಮಾತಾಡುತ್ತಲೇ ಅವನ ಬೆಂಚಿನ ಹತ್ತಿರ ನಡೆದೆ.

ಹೆಸರೆತ್ತದಿರಲು ಕಾರಣ ಇದೆ. ಜೇಕಬ್ ಕೌನಿನ್ ಎಂಬ ಮನಃಶಾಸ್ತ್ರಜ್ಞ ಕಾಲೇಜಿನಲ್ಲಿ ಪಾಠ ಮಾಡುವಾಗ ಪತ್ರಿಕೆ ಓದುತ್ತಿದ್ದ ಒಬ್ಬ ವಿದ್ಯಾರ್ಥಿಯನ್ನು ಗದರಿಸಿದನಂತೆ. ಬೈಸಿಕೊಂಡವನಿಗಿಂತ, ಏನೂ ಮಾಡದೆ ಕೂತಿದ್ದ ಮಿಕ್ಕವರು ಬದಲಾದದ್ದು ಅವನಿಗೆ ಬೆರಗು ಹುಟ್ಟಿಸಿತು. ಎಲ್ಲರ ಕಣ್ಣೂ ಪುಸ್ತಕಕ್ಕೆ ಇಳಿದಿತ್ತು. ಅಲ್ಲಿಂದ ಶುರುವಾದ ಅವನ ಅಧ್ಯಯನ 1970ರಲ್ಲಿ ಪುಸ್ತಕವಾಯಿತು. ಕೊಳಕ್ಕೆ ಬಿದ್ದ ಕಲ್ಲಿನ ಅಲೆಯ ಹಾಗೆ ಒಬ್ಬನಿಗೆ ಆಡಿದ ಮಾತು ಎಲ್ಲರಿಗೂ ತಾಕುತ್ತದೆ. ಮೊದಲ ದಿನ ಟೀಚರ್ ಎಂಥವರು ಅಂತ ಯಾರಿಗೂ ಗೊತ್ತಿರುವುದಿಲ್ಲವಲ್ಲ, ಆವತ್ತು ಈ ಅಲೆ ಜೋರು. ಪೋಕರಿಗೆ ಬೈದದ್ದು ಅವನಿಗೆ ತಾಕದೇ ಹೋಗಬಹುದು, ಮೂಲೆಯಲ್ಲಿ ಕೂತ ಹುಡುಗಿಗೆ ತಾಕಿರುತ್ತದೆ.

ಹೊಗಳಿಕೆಗೂ ಅದೇ ಮಾತು. "ನೋಡಿ, ಇವಳು ಎಷ್ಟು ಚೆನ್ನಾಗಿ ಸುಮ್ಮನೆ ಕೂತಿದ್ದಾಳೆ" ಅಂತ ಮೊದಲ ದಿನವೇ ಹೇಳುವುದು ದಯವಿಟ್ಟು ಬೇಡ. ಅವಳ ಮೌನಕ್ಕೆ ಬಹುಮಾನ ಕೊಟ್ಟಾಯಿತು. ನಾಳೆ ಬಾಯಿ ತೆರೆದರೆ ಒಳ್ಳೆಯ ಹುಡುಗಿ ಅನ್ನುವ ಪಟ್ಟ ಹೋಗುತ್ತೆ. ಗಲಾಟೆಯವನನ್ನು ಆವತ್ತೇ ಮಾನಿಟರ್ ಮಾಡುವ ಹಳೆಯ ಉಪಾಯವೂ ನನಗೆ ಹಿಡಿಸುವುದಿಲ್ಲ. ಜೋರು ಮಾಡಿದರೆ ಪದವಿ ಸಿಗುತ್ತೆ ಅಂತ ಎಲ್ಲರಿಗೂ ಪಾಠ ಆಗುತ್ತದೆ ಅಷ್ಟೇ.

ಇದಕ್ಕೆಲ್ಲ ಒಂದು ಮಿತಿ ಇದೆ. ಮನೆಯಲ್ಲಿ ಪಟಪಟ ಮಾತಾಡುವ ಮಗು ಶಾಲೆಯಲ್ಲಿ ಒಂದಕ್ಷರವೂ ಆಡದೆ ತಿಂಗಳು ಕಳೆದರೆ, ಅದೂ ಶಾಲೆಗೆ ಸೇರಿದ ಹೊಸತರ ತಿಂಗಳನ್ನು ಬಿಟ್ಟು, ಅದು ಬರೀ ನಾಚಿಕೆ ಅಲ್ಲದೇ ಇರಬಹುದು. ಸೆಲೆಕ್ಟಿವ್ ಮ್ಯೂಟಿಸಂ ಅನ್ನುವ ಆತಂಕದ ಸಮಸ್ಯೆ ಒಂದಿದೆ. ಅದಕ್ಕೆ ನನ್ನ ಮೂರು ಸಾಲು ಸಾಲದು, ತಜ್ಞರ ಹತ್ತಿರ ಹೋಗಬೇಕು. ಹಟಮಾರಿ ಅಂತ ಬೈದು ತಿಂಗಳುಗಟ್ಟಲೆ ಕಳೆಯುವುದು ಮಾತ್ರ ಬೇಡ.

ಕಳೆದ ಸಲದ ಚೀಟಿಗಳಲ್ಲಿ ಮೂರು ಖಾಲಿ ಬಂದಿದ್ದವು. ಒಂದರ ಹಿಂಬದಿಯಲ್ಲಿ ಸಾಸಿವೆ ಗಾತ್ರದ ಅಕ್ಷರದಲ್ಲಿ "ನಾಳೆ ಬರೀತೀನಿ" ಅಂತಿತ್ತು. ಮಾರನೇ ದಿನ ಅವನು ಬರೆಯಲಿಲ್ಲ, ನಾನು ಕೇಳಲಿಲ್ಲ. ಎರಡನೇ ವಾರದಲ್ಲಿ ಒಂದು ದಿನ ಹಾಜರಿ ಪುಸ್ತಕ ತೆರೆದರೆ ಒಳಗೆ ಅದೇ ಅಕ್ಷರದ ಚೀಟಿ: "ಕಿಟಕಿ ಪಕ್ಕ ಕೂರ್ಬೇಕು ಮಿಸ್." ಕಿಟಕಿ ಪಕ್ಕದಲ್ಲಿ ಕೂತಿದ್ದವನು ಅದೇ "ನಾನು ಮಾತಾಡ್ತೀನಿ" ಹುಡುಗ. ಕೇಳಿದೆ. ಎರಡು ದಿನ ಚೌಕಾಸಿ ಮಾಡಿ ಬಿಟ್ಟುಕೊಟ್ಟ.