ಹಳೇ ತಾರೀಕು ಮೊದಲು ಬಂದರೆ ಕಣ್ಣಿಗೆ ಬೀಳುವುದೂ ಅದೇ

ಕೊಡಗಿನಲ್ಲಿ ಜುಲೈ ಅಂದರೆ ಮಳೆ ರಜೆಯ ತಿಂಗಳು. ರಾತ್ರಿ ರಜೆ ಘೋಷಣೆಯಾಗುತ್ತದೆ, ಬೆಳಿಗ್ಗೆ ಕಾಲೇಜಿನ ಆಫೀಸಿನಲ್ಲಿ ಪರಿಷ್ಕೃತ ವೇಳಾಪಟ್ಟಿ ಟೈಪ್ ಆಗುತ್ತದೆ. ಅವಸರದಲ್ಲಿ ಬರುವ ಆ ನೋಟಿಸ್ ಸಾಮಾನ್ಯವಾಗಿ ಹೀಗಿರುತ್ತದೆ:

"ದಿನಾಂಕ 24-07-2025ರಂದು ಬೆಳಿಗ್ಗೆ 9.30ಕ್ಕೆ ನಡೆಯಬೇಕಾಗಿದ್ದ ಪರೀಕ್ಷೆಯನ್ನು ಮಳೆಯ ಕಾರಣ ಮುಂದೂಡಲಾಗಿದ್ದು, ಸದರಿ ಪರೀಕ್ಷೆಯನ್ನು ದಿನಾಂಕ 04-08-2025ರ ಗುರುವಾರ ಮಧ್ಯಾಹ್ನ 2.00ಕ್ಕೆ ಹೊಸ ಕಟ್ಟಡದಲ್ಲಿ ನಡೆಸಲಾಗುವುದು."

ಉದಾಹರಣೆಗೆ ನಾನೇ ಕಟ್ಟಿದ ವಾಕ್ಯ ಇದು. ವ್ಯಾಕರಣ ತಪ್ಪಿಲ್ಲ, ಆದರೂ ಹುಡುಗರನ್ನು ದಾರಿ ತಪ್ಪಿಸಲು ಇದರಲ್ಲಿ ಮೂರು ಜಾಗಗಳಿವೆ.

ಮೊದಲನೆಯದು, ವಾಕ್ಯದ ಕಟ್ಟು. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುವುದರಿಂದ ರದ್ದಾದ ತಾರೀಕೇ ಮುಂದೆ ನಿಲ್ಲುತ್ತದೆ, ಬೇಕಾದ ತಾರೀಕು ಹಿಂದೆ ಸರಿಯುತ್ತದೆ. ಬಸ್ಸಿನಲ್ಲಿ ನಿಂತು ಮೊಬೈಲ್ ನೋಡುವವರ ತಲೆಯಲ್ಲಿ 24, 9.30 ಅಷ್ಟೇ ಉಳಿಯುತ್ತದೆ. ಹಾಗಾಗಿ ಹೊಸ ತಾರೀಕನ್ನು ಮೊದಲ ಸಾಲಿನಲ್ಲಿ ಒಂಟಿಯಾಗಿ ಬರೆಯಬೇಕು. ಹಳೆಯದು ಕೆಳಗೆ, "ಈ ದಿನ ಪರೀಕ್ಷೆ ಇಲ್ಲ" ಎಂಬ ಮಾತಿನ ಜೊತೆಗೇ ಬರಲಿ. ಕೆಂಪು ಅಕ್ಷರವನ್ನು ನಂಬಿ ಕೂರಬೇಡಿ; ಜೆರಾಕ್ಸ್ ಆದರೆ ಕೆಂಪೂ ಕಪ್ಪೇ.

ಎರಡನೆಯದು ವಾರ. 2025ರ ಆಗಸ್ಟ್ 4 ಸೋಮವಾರ. ಹಳೆಯ ಫೈಲ್ ತೆರೆದು ತಾರೀಕು ತಿದ್ದಿದವರು ಜುಲೈ 24ರ ಗುರುವಾರವನ್ನು ಹಾಗೇ ಬಿಟ್ಟಿದ್ದಾರೆ. ಈಗ ತಾರೀಕನ್ನು ನಂಬಿದವರು 4ಕ್ಕೆ ಬರುತ್ತಾರೆ, ವಾರವನ್ನು ನಂಬಿದವರು 7ಕ್ಕೆ. ಇದಕ್ಕೆ ಹೆದರಿ ವಾರವನ್ನೇ ಬಿಡುವುದು ತಪ್ಪು. ತಾರೀಕು ತಪ್ಪಿದ್ದರೆ ಹೊರಹಾಕುವುದೇ ವಾರ. ಸಹಿಗೆ ಕಳಿಸುವ ಮೊದಲು ಒಬ್ಬರು ಗಟ್ಟಿಯಾಗಿ ಓದಲಿ, ಇನ್ನೊಬ್ಬರು ಗೋಡೆಯ ಕ್ಯಾಲೆಂಡರ್ ನೋಡಲಿ. ತಿಂಗಳನ್ನು ಅಕ್ಷರದಲ್ಲಿ ಬರೆಯಿರಿ: 04-08 ಅನ್ನು ಏಪ್ರಿಲ್ 8 ಎಂದೂ ಓದಬಹುದು. ಕನ್ನಡ ಅಂಕಿ ನನಗೂ ಇಷ್ಟ, ಆದರೆ ಮಸುಕಾದ ಫೋಟೋದಲ್ಲಿ ೬ ಯಾವುದು, ೯ ಯಾವುದು ಅಂತ ಹೇಳುವುದು ಕಷ್ಟ.

ಮೂರನೆಯದು ಜಾಗ, ಹೆಚ್ಚು ಗೊಂದಲ ಇಲ್ಲೇ. ಹೊಸ ಕಟ್ಟಡ ಕಟ್ಟಿ ಎಷ್ಟು ವರ್ಷವಾದರೂ ಅದು ಹೊಸ ಕಟ್ಟಡವೇ. ಅದರ ಪಕ್ಕ ಇನ್ನೊಂದು ಎದ್ದ ಮೇಲೆ ಎರಡೂ ಹೊಸವು. ಅದರ ಮೇಲೆ ನಮ್ಮದು ಇಳಿಜಾರಿನ ಊರು. ರಸ್ತೆಯಿಂದ ನೇರ ಒಳಗೆ ಹೋದರೆ ಸಿಗುವುದು ಮೇಲಿನ ಅಂತಸ್ತು, ನೆಲಮಹಡಿ ಇರುವುದು ಅದರ ಕೆಳಗೆ. "ಮೊದಲ ಮಹಡಿ" ಎಂದರೆ ಒಬ್ಬ ಮೆಟ್ಟಿಲು ಹತ್ತುತ್ತಾನೆ, ಇನ್ನೊಬ್ಬ ನಿಂತಲ್ಲೇ ಕೊಠಡಿ ಹುಡುಕುತ್ತಾನೆ. ಬಾಗಿಲ ಮೇಲೆ ಬರೆದಿರುವ ಕೊಠಡಿ ಸಂಖ್ಯೆ ಕೊಡಿ, ದಾರಿಯನ್ನು ನಡೆಯುವವರ ಕಣ್ಣಿನಿಂದ ಹೇಳಿ: "ಗೇಟಿನಿಂದ ಬಂದು, ಲೈಬ್ರರಿ ಪಕ್ಕದ ಮೆಟ್ಟಿಲು ಇಳಿದರೆ ಕೊಠಡಿ 12."

ಕೊಠಡಿ ಹಂಚುವಾಗ "201ರಿಂದ 240", "240ರಿಂದ 276" ಎಂದು ಬರೆದರೆ 240ನೇ ನಂಬರಿನವರಿಗೆ ಎರಡು ಕೊಠಡಿ. ಎರಡನೆಯದು 241ರಿಂದ ಶುರುವಾಗಬೇಕು. 12ರಲ್ಲಿ 201–240, 13ರಲ್ಲಿ 241–276, 14ರಲ್ಲಿ 277–296 ಎಂದಿಟ್ಟುಕೊಳ್ಳಿ: 40, 36, 20, ಒಟ್ಟು 96. ಹಾಲ್ ಟಿಕೆಟ್ 103 ಇದ್ದರೆ ಉಳಿದ 7 ಮಂದಿ ಯಾರು? ಹೆಚ್ಚಾಗಿ ಬ್ಯಾಕ್ ಇರುವ ಹಿಂದಿನ ಬ್ಯಾಚಿನವರು. ಅವರ ರಿಜಿಸ್ಟರ್ ನಂಬರ್ ಈ ಸಾಲಿನೊಳಗೆ ಬರುವುದಿಲ್ಲ. ಆ ಏಳು ನಂಬರನ್ನೂ ಬಿಡಿಬಿಡಿಯಾಗಿ ಬರೆದು 14ಕ್ಕೆ ಸೇರಿಸಬೇಕು.

ಇಷ್ಟಾದ ಮೇಲೆ ನೋಟಿಸ್ ಹೀಗಾಗುತ್ತದೆ:

ಹೊಸ ದಿನ: 4 ಆಗಸ್ಟ್ 2025, ಸೋಮವಾರ
ಸಮಯ: ಮಧ್ಯಾಹ್ನ 2.00ರಿಂದ ಸಂಜೆ 5.00
ಪರೀಕ್ಷೆ: ಬಿ.ಕಾಂ. 2ನೇ ಸೆಮಿಸ್ಟರ್, ಕನ್ನಡ (ಹಾಲ್ ಟಿಕೆಟ್‌ನಲ್ಲಿರುವ ಪೇಪರ್ ಕೋಡ್ ಸಹಿತ)
ಜಾಗ: ಕೊಠಡಿ 12, 13, 14 (ನಂಬರ್ ಹಂಚಿಕೆ ಕೆಳಗಿದೆ)
24 ಜುಲೈ, ಗುರುವಾರ ಈ ಪರೀಕ್ಷೆ ಇಲ್ಲ.
26 ಜುಲೈ, ಶನಿವಾರದ ಪರೀಕ್ಷೆಯ ದಿನ, ಸಮಯ, ಜಾಗ ಬದಲಾಗಿಲ್ಲ.

ಕೊನೆಯ ಸಾಲನ್ನು ಬಿಡಲೇಬೇಡಿ. ಒಂದು ಪೇಪರ್ ಮುಂದೆ ಹೋದರೆ ಎಲ್ಲವೂ ಹೋಯಿತು ಎಂದುಕೊಳ್ಳುವವರಿದ್ದಾರೆ. "ಉಳಿದವು ಹಿಂದಿನಂತೆ" ಎಂದರೆ ಹಿಂದಿನದು ಏನಿತ್ತೆಂದು ಹುಡುಕಬೇಕು, ಆ ಹಾಳೆ ಎಲ್ಲರ ಕೈಯಲ್ಲಿ ಇರುವುದಿಲ್ಲ.

ವಾಟ್ಸಾಪ್‌ಗೆ ಹಾಕುವಾಗ ಎಲ್ಲವೂ ಒಂದೇ ಪುಟದಲ್ಲಿರಲಿ. ಎರಡಾದರೆ ಎರಡರಲ್ಲೂ ನೋಟಿಸ್ ಸಂಖ್ಯೆ, ಹೊರಡಿಸಿದ ದಿನ, "2ರಲ್ಲಿ 1ನೇ ಪುಟ" ಎಂದಿರಬೇಕು, ಏಕೆಂದರೆ ಫಾರ್ವರ್ಡ್ ಆಗುವುದು ಹೆಚ್ಚಾಗಿ ಒಂದೇ ಪುಟ. ಚಿತ್ರದ ಕೆಳಗೆ ಅದೇ ವಿಷಯವನ್ನು ಟೈಪ್ ಮಾಡಿಯೂ ಹಾಕಿ; ಮಳೆಗಾಲದಲ್ಲಿ ಕರೆಂಟ್ ಹೋಗಿ ನೆಟ್‌ವರ್ಕ್ ಸೊರಗಿದಾಗ ಭಾಗಮಂಡಲದ ಕಡೆಯ ಹುಡುಗಿಗೆ ಚಿತ್ರ ತೆರೆಯದಿದ್ದರೂ ಅಕ್ಷರ ತಲುಪೀತು. ಮತ್ತೆ ತಿದ್ದಬೇಕಾಗಿ ಬಂದರೆ ಹಳೆಯದನ್ನು ಗ್ರೂಪಿನಿಂದ ಅಳಿಸಿದರೆ ಸಾಲದು, ಅದು ಆಗಲೇ ಹತ್ತು ಕಡೆ ಹೋಗಿರುತ್ತದೆ. ಹೊಸ ಸಂಖ್ಯೆ ಕೊಟ್ಟು, ಯಾವ ಸಂಖ್ಯೆಯ ನೋಟಿಸ್ ರದ್ದು ಎಂದು ಮೇಲೆಯೇ ಬರೆಯಿರಿ. ಬೋರ್ಡಿನಲ್ಲಿ ಮಾತ್ರ ಹಳೆಯದನ್ನು ಕಿತ್ತೇ ಹೊಸದನ್ನು ಅಂಟಿಸಿ. ಪಕ್ಕಪಕ್ಕ ಎರಡಿದ್ದರೆ ಮೊದಲು ಕಂಡದ್ದರ ಫೋಟೋ ಹೊಡೆದುಕೊಂಡು ಬಸ್ಸಿಗೆ ಓಡುತ್ತಾರೆ.